ಸುಕ್ಕು ಕೂಡ ಒಂದು ಸರ್ಟಿಫಿಕೇಟ್

ಅಥೆನ್ಸಿನ ನಾಯಕ ಪೆರಿಕ್ಲಿಸನ ತಲೆ ವಿಪರೀತ ಉದ್ದವಿತ್ತಂತೆ. ಅಲ್ಲಿನ ಹಾಸ್ಯ ನಾಟಕಕಾರರು ಅದನ್ನು ಗೆಡ್ಡೆಗೆ ಹೋಲಿಸಿ ಗೇಲಿ ಮಾಡುತ್ತಿದ್ದರು. ಶಿಲ್ಪಿಗಳು ಅವನಿಗೆ ಶಿರಸ್ತ್ರಾಣ ತೊಡಿಸುತ್ತಿದ್ದುದು ಈ ಕೊರತೆ ಮುಚ್ಚಲೆಂದೇ ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಇಂದು ಉಳಿದಿರುವ ಅವನ ಶಿಲ್ಪದ ಪ್ರತಿಗಳಲ್ಲಿ ಕಾಣುವುದು ಒಂದೂ ಸುಕ್ಕಿಲ್ಲದ ಶಾಂತ ಮುಖ.

ಈಗ ಇಟಲಿಯ ಒಟ್ರಿಕೊಲಿಯಲ್ಲಿ ಸಿಕ್ಕ, ಕ್ರಿ.ಪೂ. 1ನೇ ಶತಮಾನದ ರೋಮನ್ ಮುದುಕನ ತಲೆಯನ್ನು ನೋಡಿ. ಕುಳಿಬಿದ್ದ ಕೆನ್ನೆ, ಕೊಕ್ಕಿನಂಥ ಮೂಗು, ಹಣೆಯ ತುಂಬ ಗೆರೆ. ಇವೆರಡನ್ನೂ ಪಕ್ಕಪಕ್ಕ ಇಟ್ಟವರು ಗ್ರೀಕರು ಚಂದ ಮಾಡಿದರು, ರೋಮನ್ನರು ಇದ್ದದ್ದನ್ನು ಇದ್ದ ಹಾಗೆ ಕೆತ್ತಿದರು ಎಂದುಬಿಡುತ್ತಾರೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ.

ರೋಮ್ ಗಣರಾಜ್ಯದಲ್ಲಿ ವಯಸ್ಸು ಎಂದರೆ ಅರ್ಹತೆ. ಅತ್ಯುನ್ನತ ಹುದ್ದೆಯಾದ ಕಾನ್ಸಲ್ ಆಗಲು ಸುಲ್ಲಾನ ಕಾಲದ ಕಾನೂನಿನಂತೆ 42 ವರ್ಷ ತುಂಬಿರಬೇಕಿತ್ತು. ದೊಡ್ಡ ಮನೆತನಗಳು ಹುದ್ದೆಗೇರಿದ ಹಿರಿಯರ ಮೇಣದ ಮುಖವಾಡಗಳನ್ನು ಮನೆಯಲ್ಲಿ ಇಟ್ಟುಕೊಂಡು, ಶವಯಾತ್ರೆಯಲ್ಲಿ ಅವನ್ನು ತೊಟ್ಟು ಮೆರೆಸುತ್ತಿದ್ದವು. ಅಂಥ ಊರಿನಲ್ಲಿ ಹಣೆಯ ಗೆರೆ ನಾಚಿಕೆಯ ವಿಷಯವಲ್ಲ. ನಾವು ರೆಸ್ಯೂಮೆಯಲ್ಲಿ ಅನುಭವದ ವರ್ಷಗಳನ್ನು ಬರೆದಂತೆ ಅವರು ಅದನ್ನು ಕಲ್ಲಿನಲ್ಲಿ ಬರೆಸಿಕೊಂಡರು.

ಅನುಮಾನವಿದ್ದರೆ ರೋಮಿನ ಪಲಾಟ್ಸೊ ಮಾಸ್ಸಿಮೊ ಮ್ಯೂಸಿಯಂನಲ್ಲಿರುವ ‘ಟಿವೊಲಿಯ ಸೇನಾಪತಿ’ಯ ಫೋಟೊ ನೋಡಿ. ಮುಖ ಸುಕ್ಕುಗಟ್ಟಿದ ನಡುವಯಸ್ಸಿನವನದು. ಕುತ್ತಿಗೆಯ ಕೆಳಗೆ ಮಾತ್ರ ಗ್ರೀಕ್ ವೀರನ ಹುರಿಗಟ್ಟಿದ ಮೈ! ಸತ್ಯವನ್ನೇ ಕೆತ್ತಬೇಕೆಂಬ ಹಟವಿದ್ದರೆ ಅದು ಕುತ್ತಿಗೆಗೇ ನಿಲ್ಲುತ್ತಿತ್ತೇ? ಮುಖಕ್ಕೆ ಅನುಭವ ಬೇಕಿತ್ತು, ಮೈಗೆ ಶೌರ್ಯ ಬೇಕಿತ್ತು. ಎರಡನ್ನೂ ಜೋಡಿಸಿದರು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. ಅಗಸ್ಟಸ್ ರಾಜಕೀಯಕ್ಕೆ ಬಂದಾಗ ಹತ್ತೊಂಬತ್ತರ ಹುಡುಗ, ತೋರಿಸಲು ಸುಕ್ಕೇ ಇರಲಿಲ್ಲ. ಅವನು ಗ್ರೀಕ್ ಮಾದರಿಯ ನುಣುಪು ಮುಖವನ್ನು ಆರಿಸಿಕೊಂಡ. ಕ್ರಿ.ಶ. 14ರಲ್ಲಿ ಸಾಯುವಾಗ ಅವನಿಗೆ ಸುಮಾರು 76 ವರ್ಷ, ಶಿಲ್ಪಗಳಲ್ಲಿ ಮಾತ್ರ ಕೊನೆಯವರೆಗೂ ಯುವಕ. ನೀರೋ ಸತ್ತ ಮೇಲಿನ ಅಂತರ್ಯುದ್ಧ ಮುಗಿಸಿ 69ರಲ್ಲಿ ಚಕ್ರವರ್ತಿಯಾದ ವೆಸ್ಪಾಸಿಯನ್ ಮತ್ತೆ ಬೋಳುತಲೆ, ಸುಕ್ಕುಮುಖವನ್ನು ಹಿಂದಕ್ಕೆ ತಂದ. ನಾನು ನೀರೋನಂಥ ಶೋಕಿಲಾಲ ಅಲ್ಲ, ದುಡಿದ ಸಿಪಾಯಿ ಎಂದು ಆ ಮುಖವೇ ಸಾರುತ್ತಿತ್ತು.

ಹಾಗೆಂದು ಎಲ್ಲವೂ ಕಟ್ಟುಕಥೆಯಲ್ಲ. ನಾಣ್ಯದ ಮೇಲಿನ ವೆಸ್ಪಾಸಿಯನ್‌ನ ಮುಖವನ್ನು ಕಲ್ಲಿನಲ್ಲೂ ಗುರುತಿಸಬಹುದು. ಆ ಗಲ್ಲ, ಆ ಮೂಗು ಒಬ್ಬನದೇ. ಆದರೆ ಯಾವ ಗೆರೆಯನ್ನು ಆಳವಾಗಿ ಕೊರೆಯಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಅಲ್ಲೂ ಇತ್ತು. ಗ್ರೀಕ್ ತಲೆಯ ಮುಂದೆ ‘ಇವನು ನಿಜಕ್ಕೂ ಹೀಗಿದ್ದನೇ?’ ಎಂದು ಕೇಳುವ ನಾವು, ಸುಕ್ಕುಮುಖದ ರೋಮನ್ನನ ಮುಂದೆಯೂ ಅದೇ ಪ್ರಶ್ನೆ ಕೇಳಬೇಕು.