ಮನೆ ಕೊಳ್ಳದೆ ಬಾಡಿಗೆ: ಲೆಕ್ಕ ನೋಡಿ ಹಣ ಹಾಕಿ

ಅಡಿಕೆಗೆ ಧಾರಣೆ ಬಂದ ವರ್ಷ ನಮ್ಮಲ್ಲಿ ಹಲವರಿಗೆ ಬೆಂಗಳೂರಿನಲ್ಲಿ ಒಂದು ಮನೆ ಕೊಂಡು ಬಾಡಿಗೆಗೆ ಕೊಡುವ ಆಸೆ ಹುಟ್ಟುತ್ತದೆ. ಅಷ್ಟು ದೊಡ್ಡ ಮೊತ್ತ ಕೈಯಲ್ಲಿರುವುದಿಲ್ಲ, ಸಾಲ ಮಾಡಬೇಕು. ಇದಕ್ಕೆ ಬದಲಾಗಿ ಸ್ಥಿರಾಸ್ತಿ ಹೂಡಿಕೆ ಟ್ರಸ್ಟ್, ಅಂದರೆ 'ರೀಟ್' ಎಂಬ ದಾರಿಯುಂಟು. ಅದನ್ನು ಸದಸ್ಯರು ಅರಿತು ಬಳಸಬೇಕೆಂಬುದು ನಮ್ಮ ಅಭಿಪ್ರಾಯ.

ಸೆಬಿ ಇದಕ್ಕೆ 2014ರಲ್ಲಿ ನಿಯಮ ರೂಪಿಸಿತು. ದೇಶದ ಮೊದಲ ರೀಟ್ ಆದ ಎಂಬೆಸಿ ಆಫೀಸ್ ಪಾರ್ಕ್ಸ್ 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂದಿತು. ನಾಗವಾರದ ಮಾನ್ಯತಾ ಕಛೇರಿ ಸಂಕೀರ್ಣ ಅದರ ಆಸ್ತಿಗಳಲ್ಲೊಂದು. ಡಿಮ್ಯಾಟ್ ಖಾತೆಯಿದ್ದವರು ಒಂದೇ ಯೂನಿಟ್ ಬೇಕಾದರೂ ಕೊಳ್ಳಬಹುದು. ಹಂಚಲು ಒದಗುವ ನಗದಿನಲ್ಲಿ ಶೇಕಡಾ 90ಕ್ಕೆ ಕಡಿಮೆಯಿಲ್ಲದಷ್ಟನ್ನು ಟ್ರಸ್ಟು ಯೂನಿಟ್‌ದಾರರಿಗೆ ಹಂಚಲೇಬೇಕೆಂಬುದು ನಿಯಮ.

ಇನ್ನು ಲೆಕ್ಕ. ಯೂನಿಟ್ಟಿಗೆ 400 ರೂಪಾಯಿಯಂತೆ 100 ಯೂನಿಟ್ ಕೊಂಡೆವೆನ್ನೋಣ. ಹಾಕಿದ್ದು 40,000 ರೂಪಾಯಿ. ವರ್ಷಕ್ಕೆ ಯೂನಿಟ್ಟಿಗೆ 22 ರೂಪಾಯಿ ಹಂಚಿದರೆ ಕೈಗೆ ಬರುವುದು 2,200, ಅಂದರೆ ಶೇಕಡಾ ಐದೂವರೆ. ಮೊದಲೇ 300 ರೂಪಾಯಿಗೆ ಕೊಂಡವನಿಗೆ ಅದೇ ಹಣ ಶೇಕಡಾ 7ನ್ನು ಮೀರುತ್ತದೆ. ಆದುದರಿಂದ ಬೇರೆಯವರ ಪ್ರತಿಫಲ ಕೇಳಿ ಮರುಳಾಗದೆ, ನಾವು ಕೊಡುವ ಬೆಲೆಯ ಮೇಲೆ ಲೆಕ್ಕ ಹಾಕಬೇಕು.

ಈ 22 ರೂಪಾಯಿಯೂ ಒಂದೇ ಬಗೆಯದಲ್ಲ. ಕಟ್ಟಡಗಳು ಕೆಲವು ಕಂಪೆನಿಗಳ ಹೆಸರಿನಲ್ಲಿರುತ್ತವೆ. ಟ್ರಸ್ಟು ಆ ಕಂಪೆನಿಗಳ ಷೇರು ಹೊಂದಿರುವುದಲ್ಲದೆ ಅವಕ್ಕೆ ಸಾಲವನ್ನೂ ಕೊಟ್ಟಿರುತ್ತದೆ. ಹೀಗಾಗಿ ಬಾಡಿಗೆಯ ಹಣ ನಮಗೆ ಬಡ್ಡಿ, ಲಾಭಾಂಶ, ಸಾಲದ ಮರುಪಾವತಿ ಎಂದು ಮೂರು ಹೆಸರಿನಲ್ಲಿ ಬರುತ್ತದೆ. ಬಡ್ಡಿಯನ್ನು ಆ ವರ್ಷದ ಆದಾಯಕ್ಕೇ ಸೇರಿಸಬೇಕು. ಅದು ಕೃಷಿ ಆದಾಯವಲ್ಲ. ಮರುಪಾವತಿ 9 ರೂಪಾಯಿ ಇದ್ದರೆ ಸಾಮಾನ್ಯವಾಗಿ ಆ ವರ್ಷ ಅದಕ್ಕೆ ತೆರಿಗೆಯಿಲ್ಲ. ಆದರೆ ನಮ್ಮ ಕೊಂಡ ಬೆಲೆ 400ರಿಂದ 391ಕ್ಕೆ ಇಳಿದಂತೆ ಲೆಕ್ಕ. ಮಾರುವಾಗ ಲಾಭ ಅಷ್ಟು ಹೆಚ್ಚಾಗಿ ಕಾಣುತ್ತದೆ. ಪ್ರತಿ ಹಂಚಿಕೆಯ ವಿವರಪತ್ರವನ್ನು ಜೋಪಾನವಾಗಿ ಇಡುವುದು ಇದಕ್ಕಾಗಿಯೇ.

ಬಾಡಿಗೆದಾರ ಹೋದರೆ ಮಾನ್ಯತಾದಂಥ ಜಾಗದಲ್ಲೂ ಮಹಡಿ ಖಾಲಿ ಬೀಳುತ್ತದೆ. 2020ರ ಕೋವಿಡ್ ಕಾಲದಲ್ಲಿ ಕಛೇರಿಯ ಕೆಲಸ ಮನೆಗೆ ಹೋದದ್ದನ್ನು ಎಲ್ಲರೂ ಕಂಡಿದ್ದೇವೆ. ಆದುದರಿಂದ ಎಷ್ಟು ಜಾಗ ತುಂಬಿದೆ, ಟ್ರಸ್ಟಿನ ಮೇಲೆ ಸಾಲವೆಷ್ಟು ಎಂಬ ಎರಡು ಅಂಕಿಗಳನ್ನು ಪ್ರತಿ ತ್ರೈಮಾಸಿಕ ವರದಿಯಲ್ಲಿ ನೋಡಬೇಕು. ಮೊದಲನೆಯದು ಇಳಿಯುತ್ತ ಎರಡನೆಯದು ಏರುತ್ತಿದ್ದರೆ ಹಂಚಿಕೆ ಕುಗ್ಗುವ ಸೂಚನೆಯೆಂದೇ ತಿಳಿಯಬೇಕು.

ಯೂನಿಟ್ಟಿನ ಬೆಲೆ ದಿನವೂ ಏರಿಳಿಯುತ್ತದೆ. ಗೊಬ್ಬರ, ಬೋರ್ಡೋ ಸಿಂಪರಣೆ, ಕಾಫಿ ಕೊಯ್ಲಿನ ಕೂಲಿಗೆಂದು ಇಟ್ಟ ಹಣವನ್ನು ಇಲ್ಲಿ ಹಾಕಿದರೆ, ಬೇಕಾದ ಹೊತ್ತಿಗೆ ನಷ್ಟಕ್ಕೆ ಮಾರಬೇಕಾದೀತು. ಐದಾರು ವರ್ಷ ಮುಟ್ಟಬೇಕಿಲ್ಲದ ಉಳಿತಾಯದ ಒಂದು ಪಾಲಿಗೆ ಮಾತ್ರ ಈ ದಾರಿ ತಕ್ಕದ್ದು.