ಒಡೆದ ಟಿವಿ, ಒಂದು ಕ್ಲೇಮ್ ಇಮೇಲ್

‘ಸಾಮಾನು ಸಾಗಿಸುವಾಗ ಟಿವಿ ಒಡೆದಿದೆ, ಬೇಗ ಹಣ ಕೊಡಿ.’ ನಾನು ಕೆಲಸ ಮಾಡುವ ಇನ್ಶೂರೆನ್ಸ್ ಕ್ಲೇಮ್ ವಿಭಾಗಕ್ಕೆ ಬರುವ ಇಮೇಲ್‌ಗಳಲ್ಲಿ ಎಷ್ಟೋ ಇಷ್ಟಕ್ಕೇ ಮುಗಿದುಬಿಡುತ್ತವೆ. ಓದುವವರಿಗೆ ಬೇಕಾಗಿರೋದು ಮೂರು ಉತ್ತರ. ಈ ವಸ್ತು ಪಾಲಿಸಿಯಲ್ಲಿ ಇದೆಯಾ? ದಾರಿಯಲ್ಲೇ ಹಾಳಾಯಿತು ಅನ್ನೋದಕ್ಕೆ ಸಾಕ್ಷಿ ಏನು? ಕೇಳುತ್ತಿರುವ ಮೊತ್ತ ಎಲ್ಲಿಂದ ಬಂತು? ಇವು ಮೊದಲ ಇಮೇಲ್‌ನಲ್ಲೇ ಇಲ್ಲದಿದ್ದರೆ ವಾರಗಟ್ಟಲೆ ಪತ್ರ ಓಡಾಡುತ್ತದೆ.

ಇತ್ತೀಚೆಗೆ ನನ್ನ ತಂಗಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಮನೆ ಬದಲಿಸಿದಳು. ಟಿವಿ ಸ್ಕ್ರೀನ್ ಬಿರುಕು ಬಿಟ್ಟಿತ್ತು, ಊಟದ ಟೇಬಲ್‌ನ ಗಾಜು ಒಡೆದಿತ್ತು, ಫ್ರಿಜ್ ಬಾಗಿಲು ನೆಗ್ಗಿತ್ತು. ‘ಅಕ್ಕಾ, ಏನ್ ಬರೀಲಿ?’ ಅಂತ ಫೋನ್ ಮಾಡಿದಳು. ಬರೆಯೋದು ಆಮೇಲೆ, ಮೊದಲು ಪಾಲಿಸಿ ತೆಗಿ ಅಂದೆ.

ಕಾರಣ ಇದೆ. ಪ್ಯಾಕರ್ಸ್‌ನವರ ಬಿಲ್‌ನಲ್ಲಿ ‘ಇನ್ಶೂರೆನ್ಸ್’ ಅಂತ ಒಂದು ಸಾಲು ಇದ್ದ ಮಾತ್ರಕ್ಕೆ ಪಾಲಿಸಿ ಇದೆ ಅಂತಲ್ಲ. ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರ್ ಇರುವ ಕಾಗದ ಕೈಯಲ್ಲಿರಬೇಕು. ಅದರಲ್ಲಿ ‘ಇನ್‌ಲ್ಯಾಂಡ್ ಟ್ರಾನ್ಸಿಟ್ ಕ್ಲಾಜ್ ಎ’ ಅಂತಿದ್ದರೆ, ಹೊರಗಿಟ್ಟ ಕಾರಣಗಳನ್ನು ಬಿಟ್ಟು ದಾರಿಯಲ್ಲಾದ ಆಕಸ್ಮಿಕ ಹಾನಿಗೆಲ್ಲ ರಕ್ಷಣೆ ಇರುತ್ತದೆ. ‘ಬಿ’ ಇದ್ದರೆ ಬೆಂಕಿ, ಸಿಡಿಲು, ಲಾರಿ ಡಿಕ್ಕಿ ಅಥವಾ ಪಲ್ಟಿಯಂಥ ಹೆಸರಿಸಿದ ಕಾರಣಗಳಿಗೆ ಮಾತ್ರ. ಬರೀ ಕುಲುಕಾಟಕ್ಕೆ ಗಾಜು ಒಡೆದರೆ ‘ಬಿ’ಯಲ್ಲಿ ಹಣ ಸಿಗೋದು ಕಷ್ಟ. ತಂಗಿಯದು ‘ಎ’.

ಇನ್ನು ಸಾಕ್ಷಿ. ಸಾಮಾನು ಇಳಿಸಿದ ಹುಡುಗ ‘ಸೈನ್ ಹಾಕಿ ಮೇಡಂ, ಲೇಟಾಯ್ತು’ ಅಂದಾಗ ಅವಳು ಡೆಲಿವರಿ ರಸೀದಿಯ ಮೇಲೆಯೇ ‘ಟಿವಿ, ಟೇಬಲ್ ಗಾಜು, ಫ್ರಿಜ್ ಬಾಗಿಲಿಗೆ ಹಾನಿ’ ಎಂದು ಬರೆದು ಸಹಿ ಹಾಕಿದ್ದಳು. ಆ ಒಂದು ಸಾಲು ಹತ್ತು ಫೋಟೋಗಿಂತ ಗಟ್ಟಿ. ಏನೂ ಬರೆಯದೆ ಸಹಿ ಹಾಕಿದರೆ, ವಸ್ತು ಮನೆಗೆ ಬಂದಮೇಲೆ ಒಡೆಯಿತು ಎನ್ನಲು ದಾರಿಯಾಗುತ್ತದೆ. ಫೋಟೋದಲ್ಲಿ ಡಬ್ಬದ ನಂಬರ್, ಹಾನಿಯ ಜಾಗ, ಟಿವಿಯ ಸೀರಿಯಲ್ ನಂಬರ್ ಮೂರೂ ಕಾಣಬೇಕು. ಸರ್ವೇಯರ್ ನೋಡುವವರೆಗೆ ರಿಪೇರಿ ಮಾಡಿಸಬಾರದು, ಒಡೆದ ಗಾಜನ್ನೂ ಎಸೆಯಬಾರದು.

ಜಗಳ ಹುಟ್ಟೋದು ಬೆಲೆಯಲ್ಲಿ. ಟಿವಿ ಕೊಂಡಿದ್ದು 38,000ಕ್ಕೆ, ಪಾಲಿಸಿಯ ಪಟ್ಟಿಯಲ್ಲಿ ಬರೆಸಿದ್ದು 30,000. ಸರ್ವಿಸ್ ಸೆಂಟರ್ ಪ್ಯಾನೆಲ್ ಬದಲಿಸಲು 24,000 ಅಂದಿತು. ರಿಪೇರಿ ಆಗುವಂತಿದ್ದರೆ ಕೇಳಬೇಕಾದದ್ದು ರಿಪೇರಿ ವೆಚ್ಚ, ಕೊಂಡ ಬೆಲೆ ಅಲ್ಲ. ಟೇಬಲ್‌ಗೂ ಅಷ್ಟೇ, ಹೊಸ ಗಾಜಿನ 5,500 ಮಾತ್ರ. ಫ್ರಿಜ್ ಕಥೆ ಬೇರೆ. ಅದರ ಬೆಲೆ ಈಗ ಸುಮಾರು 20,000. ಪ್ರೀಮಿಯಂ ಕಡಿಮೆಯಾಗಲಿ ಅಂತ ಪ್ಯಾಕರ್ಸ್‌ನವರು ಬರೆದಿದ್ದು 10,000. ಅರ್ಧ ಬೆಲೆಗೆ ವಿಮೆ ಇದ್ದರೆ, ಪಾಲಿಸಿಯ ಸರಾಸರಿ ನಿಯಮದ ಪ್ರಕಾರ ಹಾನಿಯ ಅರ್ಧವೇ ಸಿಗೋದು. ಬಾಗಿಲಿಗೆ 4,000 ಖರ್ಚಾದರೆ 2,000 ಬಂದೀತು ಅಂತ ಅವಳಿಗೆ ಮೊದಲೇ ಹೇಳಿದೆ.

ಇಮೇಲ್ ಹೋಗಿದ್ದು ಇಂಗ್ಲಿಷ್‌ನಲ್ಲಿ, ಅದೇ ದಿನ ಸಂಜೆ. ಕನ್ನಡದಲ್ಲಿ ಹೀಗಾಗುತ್ತದೆ:

*ವಿಷಯ: ಸಾಗಣೆಯಲ್ಲಿ ಹಾನಿ – ಕ್ಲೇಮ್ ಸೂಚನೆ – ಪಾಲಿಸಿ ಸಂಖ್ಯೆ (ಇಲ್ಲಿ ನಂಬರ್)*

*ಮಾನ್ಯರೇ, ಮೇಲಿನ ಪಾಲಿಸಿಯಡಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಸಾಗಿಸಿದ ಮನೆ ಸಾಮಾನು ಇಂದು ತಲುಪಿದೆ. ಲಾರಿ ರಸೀದಿ ಸಂಖ್ಯೆ, ಬುಕಿಂಗ್ ದಿನಾಂಕ ಕೆಳಗಿವೆ. ವಿಮಾ ಮೊತ್ತ ರೂ. 2,50,000.*

*1. ಟಿವಿ (ಪಟ್ಟಿ ಕ್ರಮಾಂಕ 4): ಸ್ಕ್ರೀನ್ ಬಿರುಕು, ರಿಪೇರಿ ರೂ. 24,000*
*2. ಊಟದ ಟೇಬಲ್ (ಕ್ರಮಾಂಕ 9): ಗಾಜು ಒಡೆದಿದೆ, ರೂ. 5,500*
*3. ಫ್ರಿಜ್ (ಕ್ರಮಾಂಕ 2): ಬಾಗಿಲು ನೆಗ್ಗಿದೆ, ರೂ. 4,000*
*ಒಟ್ಟು ರೂ. 33,500*

*ಲಗತ್ತು: ಪಾಲಿಸಿ, ಬೆಲೆ ಪಟ್ಟಿ, ಲಾರಿ ರಸೀದಿ, ಷರಾ ಬರೆದ ಡೆಲಿವರಿ ರಸೀದಿ, ಫೋಟೋಗಳು, ರಿಪೇರಿ ಅಂದಾಜು. ವಸ್ತುಗಳನ್ನು ಹಾಗೇ ಇಟ್ಟಿದ್ದೇನೆ. ಸರ್ವೇಯರ್ ಕಳುಹಿಸಿ, ಕ್ಲೇಮ್ ಸಂಖ್ಯೆ ತಿಳಿಸಿ.*

ಅಂದಾಜು ಇನ್ನೂ ಕೈಗೆ ಬಂದಿಲ್ಲ ಅಂತ ಇಮೇಲ್ ತಡಮಾಡಬೇಡಿ. ‘ಅಂದಾಜು ನಂತರ ಕಳುಹಿಸುತ್ತೇನೆ’ ಎಂದರೆ ಸಾಕು.

ಕೊನೆಯದಾಗಿ, ಲಾರಿಯವರಿಗೂ ಅದೇ ಪಟ್ಟಿ ಇಟ್ಟು ಬೇರೆಯಾಗಿ ಲಿಖಿತ ನೋಟಿಸ್ ಕೊಡಿಸಿದೆ. ಸರಕು ಸಾಗಣೆಯ 2007ರ ಕಾಯ್ದೆಯ ಪ್ರಕಾರ ಬುಕಿಂಗ್ ದಿನದಿಂದ 180 ದಿನದೊಳಗೆ ಈ ನೋಟಿಸ್ ತಲುಪದಿದ್ದರೆ ಸಾಗಿಸಿದವರ ಮೇಲೆ ಕೇಸು ಹಾಕಲು ಬರೋದಿಲ್ಲ. ವಿಮಾ ಕಂಪನಿ ನಿಮಗೆ ಹಣ ಕೊಟ್ಟಮೇಲೆ ಅದನ್ನು ಲಾರಿಯವರಿಂದ ವಸೂಲಿ ಮಾಡಲು ನೋಡುತ್ತದೆ. ಆ ಹಕ್ಕು ನಿಮ್ಮ ಮೌನದಿಂದ ಕೈತಪ್ಪಿದರೆ ನಿಮ್ಮ ಕ್ಲೇಮ್‌ಗೇ ಕತ್ತರಿ ಬೀಳಬಹುದು. ನೋಟಿಸ್ ಕಳಿಸಿದ ಅಂಚೆ ರಸೀದಿಯ ಫೋಟೋವನ್ನೂ ಅದೇ ಕ್ಲೇಮ್ ಇಮೇಲ್‌ಗೆ ರಿಪ್ಲೈ ಮಾಡಿ ಸೇರಿಸಿಬಿಡಿ.