ಹಲ್ಲಿನದಲ್ಲದ ಹಲ್ಲುನೋವು

ರಾಯಲ್ಪಾಡಿನ ನಮ್ಮ ನೆರೆಮನೆಯ ಗೃಹಿಣಿಯೊಬ್ಬರಿಗೆ ಹಲ್ಲುಜ್ಜುವಾಗಲೂ ರೊಟ್ಟಿ ಅಗಿಯುವಾಗಲೂ ಬಲಗೆನ್ನೆಯಲ್ಲಿ ಮಿಂಚು ಹೊಡೆದಂತಹ ನೋವು ಬರುತ್ತಿತ್ತು. ಅಗಿಯದೆ ನುಂಗುವ ಮುದ್ದೆಯೊಂದೇ ಅವರಿಗೆ ಆಧಾರವಾಯಿತು. ಎರಡು ದವಡೆಹಲ್ಲುಗಳನ್ನು ಕೀಳಿಸಿದರೂ ನೋವು ಹೋಗಲಿಲ್ಲ, ಹೋಗುವುದಾದರೂ ಹೇಗೆ? ದೋಷವಿದ್ದುದು ಹಲ್ಲಿನಲ್ಲಲ್ಲ, ಮುಖದ ಸ್ಪರ್ಶವನ್ನು ಮೆದುಳಿಗೆ ಒಯ್ಯುವ ತ್ರಿಶಾಖಾ ನರದಲ್ಲಿ. ಮೆದುಳಿನ ಬುಡದಲ್ಲಿ ರಕ್ತನಾಳವೊಂದು ಈ ನರವನ್ನು ಒತ್ತಿ, ಅದರ ಹೊದಿಕೆಯನ್ನು ಸವೆಸುವುದೇ ಬಹುಮಟ್ಟಿಗೆ ಇದಕ್ಕೆ ಕಾರಣ. ಸುಶ್ರುತಸಂಹಿತೆಯಲ್ಲಿ ಹೇಳಿರುವ ಅನಂತವಾತವನ್ನು ಇದಕ್ಕೆ ಹೋಲಿಸುವ ವೈದ್ಯರುಂಟು.

ಹುಳುಕುಹಲ್ಲಿನ ನೋವು ಗಂಟೆಗಟ್ಟಲೆ ಮಿಡಿಯುತ್ತದೆ. ಇದಾದರೋ ಕೆಲವು ಕ್ಷಣ, ಹೆಚ್ಚೆಂದರೆ 2 ನಿಮಿಷವಿದ್ದು ಥಟ್ಟನೆ ನಿಲ್ಲುತ್ತದೆ. ತಂಗಾಳಿ ಸೋಕಿದರೂ ಮರಳುತ್ತದೆ. ಸಾಮಾನ್ಯವಾದ ನೋವಿನ ಗುಳಿಗೆಗಳು ಇದಕ್ಕೆ ನಾಟುವುದಿಲ್ಲ.

ಬೆಂಗಳೂರಿನ ನರವೈದ್ಯರು ಎಂ.ಆರ್.ಐ. ಚಿತ್ರ ತೆಗೆಯಿಸಿ, ಅಪಸ್ಮಾರಕ್ಕೂ ಕೊಡುವ ಕಾರ್ಬಮಜೆಪೀನ್ ಎಂಬ ಔಷಧವನ್ನು 100 ಮಿಲಿಗ್ರಾಮಿನಂತೆ ದಿನಕ್ಕೆರಡು ಬಾರಿ ಆರಂಭಿಸಿ, ಮೆಲ್ಲಮೆಲ್ಲನೆ ಏರಿಸಿದರು. ಕೆಲವೇ ದಿನಗಳಲ್ಲಿ ಆಕೆ ರೊಟ್ಟಿ ಅಗಿದರು. ಮೈಮೇಲೆ ದದ್ದೆದ್ದರೆ ಒಡನೆಯೇ ವೈದ್ಯರನ್ನು ಕಾಣಬೇಕೆಂದೂ, ನೋವು ತಗ್ಗಿತೆಂದು ಔಷಧವನ್ನು ತಾವಾಗಿಯೇ ಬಿಡಬಾರದೆಂದೂ ಅಪ್ಪಣೆಯಾಗಿದೆ. ಔಷಧಕ್ಕೆ ಬಗ್ಗದಿದ್ದಲ್ಲಿ, ನರಕ್ಕೂ ರಕ್ತನಾಳಕ್ಕೂ ನಡುವೆ ಪುಟ್ಟ ಮೆತ್ತೆಯಿಡುವ ಶಸ್ತ್ರಚಿಕಿತ್ಸೆಯುಂಟು.